‘ಮಕ್ಖಲಿ’ ಎನ್ನುವುದು ಹೆಸರೋ, ಗೇಲಿಯೋ?

ಮೈಸೂರಿನಿಂದ ಪ್ರಶ್ನೆ:
ಬುದ್ಧನ ಕಾಲದ ಆಜೀವಿಕ ಪಂಥದ ಗುರು ಮಕ್ಖಲಿ ಗೋಸಾಲನ ಬಗ್ಗೆ ಬರೆಯುತ್ತಿದ್ದೇನೆ. ಬೌದ್ಧ ಗ್ರಂಥಗಳಿಗೆ ಬುದ್ಧಘೋಷ ಬರೆದ ಪಾಲಿ ವ್ಯಾಖ್ಯಾನದಲ್ಲಿ ಅವನೊಬ್ಬ ಆಳು. ಎಣ್ಣೆಯ ಮಡಕೆ ಹೊತ್ತು ಕೆಸರಲ್ಲಿ ಹೋಗುವಾಗ ಯಜಮಾನ ‘ಮಾ ಖಲಿ’, ಎಡವಬೇಡ ಎಂದನಂತೆ. ಅವನು ಎಡವಿಯೇ ಬಿಟ್ಟ. ಹೆದರಿ ಓಡಿದಾಗ ಯಜಮಾನ ಬಟ್ಟೆ ಹಿಡಿದುಕೊಂಡ, ಇವನು ಬಟ್ಟೆ ಬಿಟ್ಟು ಬೆತ್ತಲೆ ಓಡಿದ. ಅದಕ್ಕೇ ಮಕ್ಖಲಿ ಅಂತೆ. ಇದನ್ನು ನಂಬಬಹುದಾ? ಕೆಲವರು ‘ಮಸ್ಕರಿ’ ಎಂದು ಬರೆಯುತ್ತಾರೆ. ಯಾವುದು ಸರಿ?

ಬೆಳಗಾವಿಯಿಂದ:
ನಮ್ಮ ಕಡೆ ಮಸ್ಕಿರಿ ಅಂದ್ರೆ ಚೇಷ್ಟೆ, ತಮಾಷೆ. ಬೆತ್ತಲೆ ಓಡಿದವನಿಗೆ ಸರಿಯಾದ ಹೆಸರೇ ಅಲ್ವಾ!

ಶಿವಮೊಗ್ಗದಿಂದ:
ಪಾಣಿನಿಯಲ್ಲೇ ಇದೆ. ಮಸ್ಕರ ಎಂದರೆ ಬಿದಿರು, ಮಸ್ಕರಿ ಎಂದರೆ ಬಿದಿರಿನ ಕೋಲು ಹಿಡಿದವನು. ಚರ್ಚೆ ಮುಗಿಯಿತು.

ಧಾರವಾಡದಿಂದ:
ಅಷ್ಟು ಬೇಗ ಮುಗಿಯುವುದಿಲ್ಲ. ಪಾಣಿನಿ ಹೇಳಿದ್ದು ಇಷ್ಟೇ: ಮಸ್ಕರ ಬಿದಿರು, ಮಸ್ಕರಿ ಪರಿವ್ರಾಜಕ, ಎಂದರೆ ಊರೂರು ಅಲೆಯುವ ಸಂನ್ಯಾಸಿ. ಕೋಲು ಇದೆ ಅಂತ ಆ ಹೆಸರಲ್ಲ ಎಂದು ಪಾಣಿನಿಗೆ ಭಾಷ್ಯ ಬರೆದ ಪತಂಜಲಿಯೇ ತಕರಾರು ತೆಗೆಯುತ್ತಾನೆ. ‘ಮಾ ಕೃತ ಕರ್ಮಾಣಿ’, ಕರ್ಮ ಮಾಡಬೇಡಿ, ಶಾಂತಿಯೇ ಮೇಲು ಎನ್ನುವವನು ಮಸ್ಕರಿ ಎನ್ನುತ್ತಾನೆ. ಮನುಷ್ಯನ ಪ್ರಯತ್ನದಿಂದ ಏನೂ ಬದಲಾಗುವುದಿಲ್ಲ, ಎಲ್ಲವೂ ನಿಯತಿ ಎಂದ ಗೋಸಾಲನಿಗೆ ಇದು ಹೊಂದುತ್ತದೆ. ಆದರೆ ಗಮನಿಸಿ, ಬುದ್ಧಘೋಷನೂ ಪತಂಜಲಿಯೂ ಹೆಸರಿನ ಮೊದಲ ‘ಮ’ವನ್ನೇ ‘ಮಾ’, ಬೇಡ, ಎಂದು ಓದಿದ್ದಾರೆ. ಇಬ್ಬರೂ ಹೆಸರಿನಿಂದ ಕತೆ ಕಟ್ಟಿದವರೇ. ಬುದ್ಧಘೋಷನಂತೂ ಗೋಸಾಲನಿಗಿಂತ ಸುಮಾರು 900 ವರ್ಷ ಈಚಿನವನು.

ಜೈನರ ಭಗವತೀ ಸೂತ್ರದಲ್ಲಿ ಎಣ್ಣೆ ಮಡಕೆಯೇ ಇಲ್ಲ. ಅಲ್ಲಿ ತಂದೆಯ ಹೆಸರು ಮಂಖಲಿ. ಅವನು ಮಂಖ, ಎಂದರೆ ಚಿತ್ರದ ಹಲಗೆ ತೋರಿಸಿ ಭಿಕ್ಷೆ ಬೇಡುವವನು. ಗೋಸಾಲ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ ಎನ್ನುವುದು ಮಾತ್ರ ಎರಡೂ ಕಡೆ ಇದೆ. ಅದನ್ನೂ ‘ಗೋಸಾಲ’ ಎಂಬ ಹೆಸರಿನಿಂದಲೇ ಎತ್ತಿಕೊಂಡಿರಬಹುದು. ಹಾಗಾಗಿ ಎರಡು ಸಾಕ್ಷಿ ಅಂತ ಲೆಕ್ಕ ಹಾಕಬೇಡಿ.

ಉಚ್ಚಾರಣೆ ನೋಡಿದರೆ ದಾರಿ ಸುಲಭ. ‘ಸ್ಕ’ ಪ್ರಾಕೃತದಲ್ಲಿ ‘ಕ್ಖ’ ಆಗುತ್ತದೆ. ಮಗಧದ ಕಡೆ ‘ರ’ ‘ಲ’ ಆಗುತ್ತದೆ. ಬಿಹಾರದ ಬರಾಬರ್ ಗುಹೆಯ ಅಶೋಕನ ಶಾಸನದಲ್ಲಿ ರಾಜನೂ ‘ಲಾಜಾ’ನೇ. ಮಸ್ಕರಿ, ಮಕ್ಖಲಿ ಒಂದೇ ಪದ. ಬೆಳಗಾವಿಯವರ ಮಸ್ಕಿರಿ ಬೇರೆ, ಅದು ಅರಬಿಯ ‘ಮಸ್ಖರಾ’ದಿಂದ ಬಂದದ್ದು.

ಮೈಸೂರಿನಿಂದ:
ಪ್ರಾಕೃತವೇ ಮೊದಲಿದ್ದು ಆಮೇಲೆ ಅದನ್ನು ಸಂಸ್ಕೃತ ಮಾಡಿರಬಹುದಲ್ಲ?

ಧಾರವಾಡದಿಂದ:
ಆಗಬಹುದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಪಾಲಿಯಿಂದ ಕತೆ ಹೇಳುವಾಗ ಮಕ್ಖಲಿ ಎಂದೇ ಬರೆಯಿರಿ. ಇನ್ನೊಂದು, ಸುಮ್ನೆ ಹೇಳುತ್ತೇನೆ. ಬುದ್ಧ ‘ಹೇಳಿದರು’, ಗೋಸಾಲ ‘ಹೇಳಿದ’ ಎಂದು ಬರೆಯುತ್ತೇವಲ್ಲ, ನಾನೂ ಈಗ ಹಾಗೇ ಬರೆದೆ. ಅಶೋಕನ ಮೊಮ್ಮಗ ದಶರಥ ನಾಗಾರ್ಜುನಿ ಬೆಟ್ಟದ ಗುಹೆಗಳನ್ನು ಕೊಟ್ಟಾಗ ಕೆತ್ತಿಸಿದ್ದು ‘ಭದಂತ ಆಜೀವಿಕರಿಗೆ’ ಎಂದು. ಪೂಜ್ಯರಿಗೆ ಅಂತ.