ಅಪ್‌ಡೇಟ್: ಅಣ್ಣನ ಲಿಥಿಯಂ ರಿಪೋರ್ಟ್

ನಾನು ಕೇಳಿದ್ದು: "ಅಣ್ಣ ನುಂಗುವ ಲಿಥಿಯಂ ಮಾತ್ರೆಯ ಮಟ್ಟ ರಕ್ತದಲ್ಲಿ 1.3 ಬಂದಿದೆ, ಮಿತಿ 0.6–1.2. ಡೋಸ್ ಜಾಸ್ತಿ ಆಯ್ತಾ?"

ಡಾಕ್ಟರ್ ಮೊದಲು ವಿಚಾರಿಸಿದ್ದೇ ರಕ್ತ ತೆಗೆದ ಹೊತ್ತು. ಬೆಳಿಗ್ಗೆ 8ಕ್ಕೆ ಮಾತ್ರೆ, ಹತ್ತೂವರೆಗೆ ರಕ್ತ. ಮಾತ್ರೆ ನುಂಗಿದ ಕೆಲವು ಗಂಟೆ ಮಟ್ಟ ಏರಿಯೇ ಇರುತ್ತದೆ. ರಿಪೋರ್ಟಿನ ಮಿತಿ ಮಾತ್ರ ಕೊನೆಯ ಡೋಸ್ ಆಗಿ 12 ಗಂಟೆ ಕಳೆದ ಮೇಲೆ ತೆಗೆದ ರಕ್ತಕ್ಕೆ ಹೊಂದುವಂಥದ್ದು. ಲ್ಯಾಬ್ ಚೀಟಿಯಲ್ಲಿ ಆ ಸಮಯ ಬರೆಯಲು ಜಾಗವೇ ಇಲ್ಲ, ವಿಚಿತ್ರ ಅಲ್ವಾ?

ಲಿಥಿಯಂ ಹೆಚ್ಚಾದಾಗ ಕಾಣುವ ಜೋರು ಕೈನಡುಕ, ವಾಂತಿ-ಭೇದಿ, ಮಾತು ತೊದಲುವುದು ಇಲ್ಲ ಎಂದು ಖಚಿತಪಡಿಸಿಕೊಂಡು, ಡೋಸ್ ಬದಲಿಸದೆ ಮತ್ತೆ ಪರೀಕ್ಷೆ ಮಾಡಿಸಿದರು. ರಾತ್ರಿ 9ಕ್ಕೆ ಮಾತ್ರೆ, ಬೆಳಿಗ್ಗೆ 9ಕ್ಕೆ ರಕ್ತ, ಬೆಳಗಿನ ಮಾತ್ರೆ ಅದಾದ ಮೇಲೆ. ಈ ಸಲ 0.8. ಡೋಸ್ ಅದೇ ಇದೆ. ಆದರೆ ಆ ಲಕ್ಷಣಗಳು ಕಂಡರೆ, ಅಂಕಿ ಮಿತಿಯೊಳಗಿದ್ದರೂ ತಕ್ಷಣ ಬರಬೇಕು ಅಂದರು.