ಜರ್ಮನ್‌ನಲ್ಲಿ ಚಿಕ್ಕ ಟೋಸ್ಟ್ ಹೇಳಬೇಕು, ಮಾಡಿದವರ ಅನುಭವ ಬೇಕು

ಕೇಳಿದವರು: ಬರುವ ಗುರುವಾರ ಬೆಂಗಳೂರಿನಲ್ಲಿ ನಮ್ಮ ಟೀಮ್ ಡಿನ್ನರ್. ಮ್ಯೂನಿಕ್‌ನಿಂದ ಸಹೋದ್ಯೋಗಿಯೊಬ್ಬರು ಎರಡು ವಾರಕ್ಕೆ ಬರುತ್ತಿದ್ದಾರೆ. ಲೋಟ ಎತ್ತಿ ಅವರನ್ನು ಸ್ವಾಗತಿಸಿ ಜರ್ಮನ್‌ನಲ್ಲಿ ನಾಲ್ಕು ಮಾತು ಹೇಳು ಅಂತ ಮ್ಯಾನೇಜರ್ ನನಗೆ ವಹಿಸಿದ್ದಾರೆ. ಜರ್ಮನ್‌ನಲ್ಲಿ ನನ್ನದು ಮೊದಲ ಹಂತದ ಎ1 ಮಾತ್ರ ಆಗಿದೆ. ಏನು ಹೇಳಿದಿರಿ, ಹೇಗಾಯಿತು?

ಜಯನಗರದ ಟೆಸ್ಟರ್: ನನ್ನ ಕಥೆ ಕೇಳಿ. ಟೋಸ್ಟ್‌ಗೆ ಅಂತಲೇ ಟ್ಯೂಷನ್ ತಗೊಂಡೆ. ಆರು ಕ್ಲಾಸು, ಒಂದಕ್ಕೆ 900 ರೂಪಾಯಿ, ಒಟ್ಟು 5400. ಹದಿನಾಲ್ಕು ವಾಕ್ಯ ಬರೆದು ಹನ್ನೊಂದು ದಿನ ಬಾಯಿಪಾಠ ಮಾಡಿದೆ. ಚನ್ನಪಟ್ಟಣದ ಗೊಂಬೆ 2250, ಅದನ್ನು ತರಲು ಓಡಾಡಿದ ಕ್ಯಾಬ್ 480. ಕೊನೆಯಲ್ಲಿ ಗೊಂಬೆ ಕೊಡುತ್ತಾ 'ಐನ್ ಕ್ಲೈನೆಸ್ ಗಿಫ್ಟ್' ಅಂದೆ. ಜರ್ಮನ್‌ನಲ್ಲಿ ಗಿಫ್ಟ್ ಅಂದರೆ ವಿಷ. 'ಗೆಶೆಂಕ್' ಅನ್ನಬೇಕಿತ್ತು. ಆರು ಕ್ಲಾಸಿನಲ್ಲಿ ಆ ಮೇಷ್ಟ್ರು ಇದನ್ನು ಒಮ್ಮೆಯೂ ಹೇಳಲಿಲ್ಲ. ವ್ಯಾಕರಣವೆಲ್ಲ ಸರಿ ಇತ್ತು, ಆ ಒಂದು ಪದ ಬಿಟ್ಟು. ಬಂದವರು ಎರಡು ಸೆಕೆಂಡು ನನ್ನ ಮುಖ ನೋಡಿದರು, ಆಮೇಲೆ ನಕ್ಕು ತಗೊಂಡರು. ನನಗೆ ಇವತ್ತಿಗೂ ಚುಚ್ಚುತ್ತದೆ.

ಇನ್ನೊಂದು ನಷ್ಟ ಆಗ ಗೊತ್ತೇ ಆಗಲಿಲ್ಲ. ಟೋಸ್ಟ್ ಮುಗಿಯುವ ತನಕ ಅವರು ಲೋಟ ಎತ್ತಿ ಹಿಡಿದುಕೊಂಡೇ ಇದ್ದರು, ಒಂದು ಗುಟುಕೂ ಕುಡಿಯಲಿಲ್ಲ. ನನ್ನ ಮಾತು ಮೂರೂವರೆ ನಿಮಿಷ. ಬಿಯರ್ ನೊರೆ ಎಲ್ಲ ಇಳಿದುಹೋಗಿತ್ತು.

ಸ್ಟುಟ್‌ಗಾರ್ಟ್ ಕನ್ನಡತಿ: ಹದಿನಾಲ್ಕು ವಾಕ್ಯ ಜರ್ಮನ್ನರೇ ಹೇಳುವುದಿಲ್ಲ! ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ. ಮೊದಲ ವರ್ಷ ನಾನೂ ಎಡವಿದ್ದೆ. ಬೆಂಗಳೂರಿನಿಂದ ಬಂದ ಮ್ಯಾನೇಜರ್ ಊಟದ ಟೇಬಲ್‌ನಲ್ಲಿ ನನ್ನ ಎದುರೇ ಕೂತಿದ್ದರು. ನಾನು ಎದ್ದು 'ವಿಯರ್ ಫ್ರಾಯೆನ್ ಉನ್ಸ್ ಔಫ್ ಈರೆನ್ ಬೆಸೂಖ್' ಅಂದೆ. 'ಔಫ್' ಹಾಕಿದರೆ ಇನ್ನೂ ಆಗಬೇಕಾದ್ದಕ್ಕೆ ಕಾಯುತ್ತಿದ್ದೇವೆ ಅಂತ ಅರ್ಥ. ಬಂದು ಕೂತವರಿಗೆ 'ನಿಮ್ಮ ಬರವಿಗೆ ಕಾಯುತ್ತಿದ್ದೇವೆ' ಅಂದ ಹಾಗಾಯಿತು. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಆಮೇಲೆ ಮೆಲ್ಲಗೆ ತಿದ್ದಿದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿಂದ ನಾನು ಹೇಳುವುದು ಇಷ್ಟೇ: 'ಹೆರ್ತ್ಸ್‌ಲಿಷ್ ವಿಲ್‌ಕೊಮ್ಮೆನ್ ಇನ್ ಸ್ಟುಟ್‌ಗಾರ್ಟ್. ವಿಯರ್ ಫ್ರಾಯೆನ್ ಉನ್ಸ್ ಝೇರ್, ದಸ್ ಝೀ ದಾ ಝಿಂಟ್. ಔಫ್ ಗೂಟೆ ತ್ಸುಝಾಮೆನ್‌ಆರ್ಬೈಟ್! ತ್ಸುಮ್ ವೋಲ್!' ಸ್ವಾಗತ, ನೀವು ಬಂದಿರುವುದು ತುಂಬಾ ಸಂತೋಷ, ಜೊತೆ ಕೆಲಸ ಚೆನ್ನಾಗಿ ಸಾಗಲಿ, ನಿಮ್ಮ ಕ್ಷೇಮಕ್ಕೆ. ಇಪ್ಪತ್ತು ಸೆಕೆಂಡೂ ಬೇಡ.

ಇಂಗ್ಲಿಷ್‌ನಲ್ಲಿ ಯೋಚಿಸಿದವರು ಎರಡನೇ ವಾಕ್ಯದಲ್ಲಿ 'ದಸ್ ಝೀ ಝಿಂಟ್ ದಾ' ಅಂತ ತಪ್ಪು ಮಾಡುತ್ತಾರೆ. 'ದಸ್' ಬಂದ ಮೇಲೆ ಕ್ರಿಯಾಪದ ಕೊನೆಗೆ ಹೋಗಬೇಕು. 'ನೀವು ಇಲ್ಲಿ ಇದ್ದೀರಿ' ಅನ್ನುವಾಗ ನಮ್ಮಲ್ಲೂ 'ಇದ್ದೀರಿ' ಕೊನೆಗೇ ತಾನೇ ಬರುವುದು? ಕನ್ನಡದಲ್ಲಿ ಯೋಚಿಸಿದರೆ ತಾನಾಗಿ ಸರಿ ಬರುತ್ತದೆ.

ಲೋಟ ತಾಗಿಸುವಾಗ ಕಣ್ಣು ಲೋಟದ ಮೇಲಲ್ಲ, ಎದುರಿನವರ ಕಣ್ಣಿನ ಮೇಲಿರಲಿ. ಇದನ್ನು ನಿಜಕ್ಕೂ ಗಮನಿಸುತ್ತಾರೆ.

ರಾಜಾಜಿನಗರ ಪಿಎಂ: 'ನೀವು' ಅನ್ನುವ 'ಝೀ' ಎಲ್ಲ ಹಳೇ ಕಾಲ. ಸಾಫ್ಟ್‌ವೇರ್‌ನಲ್ಲಿ ಎಲ್ಲರೂ 'ನೀನು' ಅನ್ನುವ 'ಡೂ' ಅಂತಾರೆ. ನಾನು ನಾಲ್ಕು ಸಲ ಮಾಡಿದ್ದೇನೆ, ಯಾವಾಗಲೂ 'ಡೂ', ಲೋಟ ಎತ್ತುವಾಗ ಯಾವಾಗಲೂ 'ಪ್ರೋಸ್ಟ್'. ಮತ್ತೆ ನನ್ನ ಟೋಸ್ಟ್‌ನಲ್ಲಿ ಕಿಟ್ಟೆಲ್ ಬರಲೇಬೇಕು. ಕನ್ನಡ ನಿಘಂಟು ಮಾಡಿದವರೇ ಜರ್ಮನ್ನರು ಅಂದಾಗ ಬಂದವರ ಮುಖ ಅರಳುತ್ತದೆ. ಅವರನ್ನು ಇಲ್ಲಿಗೆ ಕಳಿಸಿದ್ದೂ ಜರ್ಮನಿಯ ಬಾಸೆಲ್ ಮಿಷನ್. ಸುಮ್ನೆ ಸ್ವಾಗತ ಅಂತ ಕೂರೋದಲ್ಲ, ಸಂಬಂಧ ತೋರಿಸಬೇಕು.

ಸ್ಟುಟ್‌ಗಾರ್ಟ್ ಕನ್ನಡತಿ: ಬಾಸೆಲ್ ಇರುವುದು ಸ್ವಿಟ್ಜರ್ಲೆಂಡ್‌ನಲ್ಲಿ ಸರ್. ಕಿಟ್ಟೆಲ್ ಜರ್ಮನ್ನರು, ಅದು ಸರಿ. 1894ರ ನಿಘಂಟು ಅವರದೇ. 1903ರಲ್ಲಿ ತೀರಿಕೊಂಡದ್ದು ನಾನಿರುವ ಊರಿನ ಪಕ್ಕದ ಟ್ಯೂಬಿಂಗೆನ್‌ನಲ್ಲಿ. ನನಗೂ ಅವರ ಮೇಲೆ ತುಂಬಾ ಗೌರವ. ಆದರೆ ಹಸಿದವರ ಮುಂದೆ ಲೋಟ ಎತ್ತಿಸಿಕೊಂಡು ಹೇಳುವ ಕಥೆಯಲ್ಲ ಅದು. ಊಟ ಬಂದ ಮೇಲೆ ಹೇಳಿ, ಖುಷಿಯಿಂದ ಕೇಳುತ್ತಾರೆ.

'ಡೂ' ಎಲ್ಲರೂ ಅಂತಾರೆ ಅನ್ನುವುದೂ ಪೂರ್ತಿ ನಿಜವಲ್ಲ. ತುಂಬಾ ಕಂಪನಿಗಳಲ್ಲಿ ಹೌದು. ಆದರೆ ಎಲ್ಲಿ 'ಝೀ' ಇದೆಯೋ ಅಲ್ಲಿ ಹಿರಿಯರು ಅಥವಾ ಮೇಲಿನವರು ಮೊದಲು 'ಡೂ' ಅನ್ನೋಣ ಅಂತ ಹೇಳಬೇಕು. ಕಿರಿಯರು ತಾವಾಗಿ ಶುರು ಮಾಡಿದರೆ ಅಪರಿಚಿತ ಹಿರಿಯರನ್ನು 'ನೀನು' ಅಂದ ಹಾಗೇ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ರಾಜಾಜಿನಗರ ಪಿಎಂ: ನಾಲ್ಕು ಸಲವೂ ಯಾರೂ ಬೇಜಾರು ಮಾಡಿಕೊಂಡಿಲ್ಲ. ಅಲ್ಲಿ ಕೂತು ನಮಗೆ ಪಾಠ ಮಾಡುವುದು ಸುಲಭ. ಟೀಮ್ ನಡೆಸೋದು ನಾವು.

ಜಯನಗರದ ಟೆಸ್ಟರ್: ನನ್ನ ಎದುರೂ ಯಾರೂ ಬೇಜಾರು ತೋರಿಸಲಿಲ್ಲ ಸರ್. ವಿಷ ಕೊಟ್ಟರೂ ನಕ್ಕರು. ಅತಿಥಿಗಳು ತೋರಿಸಲ್ಲ, ಅಷ್ಟೇ.

ಹಾಸನದ ಗೌಡ್ರು: ನಾನು ಕುಡಿಯುವುದಿಲ್ಲ. ಅದೇ ನನ್ನ ದೊಡ್ಡ ತೊಂದರೆಯಾಗಿತ್ತು. ನೀರಿನ ಲೋಟ ಎತ್ತಿ 'ಪ್ರೋಸ್ಟ್' ಅಂದೆ. ಬಂದಿದ್ದ ಹಿರಿಯರೊಬ್ಬರು ನೀರಲ್ಲಿ ಬೇಡ, ಅಪಶಕುನ ಅಂದರು. ಎಲ್ಲರೂ ತಿರುಗಿ ನೋಡಿದರು. ಒಂದು ಗುಟುಕಿಗೂ ಒಪ್ಪದೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೇನೆ, ಅಲ್ಲಿ ತಪ್ಪಿತಸ್ಥನ ಹಾಗೆ ನಿಲ್ಲಬೇಕಾಯಿತು. ಕುಡಿಯದವರು ಟೋಸ್ಟ್ ಒಪ್ಪಿಕೊಳ್ಳಲೇಬೇಡಿ ಅಂತೀನಿ.

ಸ್ಟುಟ್‌ಗಾರ್ಟ್ ಕನ್ನಡತಿ: ಆ ನಂಬಿಕೆ ಕೆಲವರಲ್ಲಿದೆ, ಎಲ್ಲರಲ್ಲೂ ಇಲ್ಲ. ಸೇಬಿನ ರಸಕ್ಕೆ ಸೋಡಾ ಬೆರೆಸಿದ ಶೋರ್ಲೆ ಇಲ್ಲಿ ಮಾಮೂಲಿ. ನಾನೂ ಅದನ್ನೇ ಎತ್ತುವುದು, ಯಾರೂ ಕೇಳಿಲ್ಲ. ಬೆಂಗಳೂರಲ್ಲಾದರೆ ನಿಂಬೆ ಸೋಡಾ ಸಾಕು. ಲೋಟ ಖಾಲಿ ಇರಬಾರದು ಅಷ್ಟೇ.

ಹಾಸನದ ಗೌಡ್ರು: ನಮ್ಮ ಊರಲ್ಲಿ ನಾವೇ ಕೊಡಿಸುವ ಊಟ. ನಮ್ಮ ನೀರಿಗೆ ಅವರ ಶಕುನ ಯಾಕೆ ನೋಡಬೇಕು?

ಮಂಗಳೂರು ಅಮ್ಮಿ: ಗೌಡ್ರೇ, ಸಿಟ್ಟು ಬೇಡ. ನಮ್ಮ ಆಫೀಸಿನಲ್ಲಿ ನಾನು ಮೊದಲು ಕನ್ನಡದಲ್ಲಿ 'ನಮ್ಮೂರಿಗೆ ಸ್ವಾಗತ' ಅಂದೆ, ಆಮೇಲೆ ಜರ್ಮನ್‌ನಲ್ಲಿ ಎರಡು ವಾಕ್ಯ. ಅವರು ಕನ್ನಡದ್ದನ್ನೇ ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು. ನನಗೆ ತುಂಬಾ ಹೆಮ್ಮೆಯಾಯಿತು. ಜರ್ಮನ್ ಅವರು ದಿನಾ ಕೇಳುತ್ತಾರೆ, ಅಲ್ವಾ?

ರಾಜಾಜಿನಗರ ಪಿಎಂ: ಕೇಳಿದ್ದು ಜರ್ಮನ್ ಟೋಸ್ಟ್. ಕನ್ನಡ ಪಾಠ ಅಲ್ಲ.

ಮಂಗಳೂರು ಅಮ್ಮಿ: ಕಿಟ್ಟೆಲ್ ಕಥೆ ತಂದವರು ನೀವೇ ಅಲ್ವಾ ಸರ್.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಂದು ತೊಡಕು ಉಳಿದಿದೆ. ಬರುವವರು ಮೇಲ್‌ನಲ್ಲಿ ನನಗೆ 'ಡೂ' ಅಂತಲೇ ಬರೆಯುತ್ತಾರೆ. ಆದರೆ ನಮ್ಮ ಡೈರೆಕ್ಟರ್‌ಗೆ 'ಝೀ' ಅಂತಾರೆ. ಡೈರೆಕ್ಟರ್ ಕೂಡ ಅದೇ ಟೇಬಲ್‌ನಲ್ಲಿ ಇರುತ್ತಾರೆ.

ಸ್ಟುಟ್‌ಗಾರ್ಟ್ ಕನ್ನಡತಿ: ಲೋಟ ಎತ್ತುವುದು ಬಂದವರಿಗೆ. ಹಾಗಾಗಿ ಅವರಿಗೆ 'ಡೂ': 'ದಸ್ ಡೂ ದಾ ಬಿಸ್ಟ್'. ಕ್ರಿಯಾಪದವೂ ಬದಲಾಗುತ್ತದೆ ನೋಡಿ, 'ಝಿಂಟ್' ಉಳಿಸಿಕೊಳ್ಳಬೇಡಿ. ಮ್ಯೂನಿಕ್‌ನವರು, ಟೇಬಲ್ ಮೇಲೆ ಬಿಯರ್ ಇದ್ದರೆ 'ಪ್ರೋಸ್ಟ್' ಚೆನ್ನ. ವೈನ್ ಇದ್ದರೆ 'ತ್ಸುಮ್ ವೋಲ್'.

ರಾಜಾಜಿನಗರ ಪಿಎಂ: ನಾನು ಮೊದಲೇ ಅಂದೆ, 'ಡೂ' ಮತ್ತು 'ಪ್ರೋಸ್ಟ್'.

ಜಯನಗರದ ಟೆಸ್ಟರ್: ಉಡುಗೊರೆ ಕೊಡುವುದಿದ್ದರೆ 'ಗೆಶೆಂಕ್' ಅಂತ ಕೈ ಮೇಲೆ ಬರೆದುಕೊಳ್ಳಿ. ದಯವಿಟ್ಟು.