ಪದಚರ್ಚೆ: θಗೂ ‘ಕೋನ’, φಗೂ ‘ಕೋನ’ ಎಂದರೆ ಕ್ಯಾಲ್ಕುಲೇಟರ್ ಯಾವ ಮೋಡಿನಲ್ಲಿರಬೇಕು?

ಕೈಪಿಡಿ ಅನುವಾದಕಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಭೌತಶಾಸ್ತ್ರದ ಲ್ಯಾಬ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೋಡಿ ಸೀಳಿನ ವ್ಯತಿಕರಣದ ಪಾಠದಲ್ಲಿ ಈ ಸಾಲು ಉಂಟು:

“ಸೀಳುಗಳ ಅಂತರ 0.10 ಮಿ.ಮೀ., ಬೆಳಕಿನ ತರಂಗಾಂತರ 650 ನ್ಯಾ.ಮೀ., ಕೋನ θ = 0.20°. ಪ್ರಾವಸ್ಥಾ ಕೋನ φ = 2πd sinθ/λ = 3.374. ಇದನ್ನು ಬಳಸಿ cos²(φ/2) ಕಂಡುಹಿಡಿಯಿರಿ.”

ಮೂಲದಲ್ಲೂ 3.374ರ ಮುಂದೆ ಯಾವ ಏಕಮಾನವೂ ಇಲ್ಲ. ಉತ್ತರ 0.013 ಎಂದು ಕೊಟ್ಟಿದ್ದಾರೆ. ಕರಡು ಓದಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು 0.999 ಬರೆದಿದ್ದಾರೆ. ಅಂದರೆ ಹೆಚ್ಚುಕಡಿಮೆ ಕತ್ತಲೆಯ ಜಾಗವನ್ನು ಪೂರ್ತಿ ಬೆಳಕು ಎಂದಿದ್ದಾರೆ. ಮೂಲದಲ್ಲಿ ಇಲ್ಲದ ‘ರೇಡಿಯನ್’ ಎಂಬ ಪದವನ್ನು ಅನುವಾದದಲ್ಲಿ ಸೇರಿಸಬಹುದೆ? ಮತ್ತೆ, ಎರಡಕ್ಕೂ ‘ಕೋನ’ ಎನ್ನುವುದೇ ಗೊಂದಲಕ್ಕೆ ಕಾರಣವೆ?

ಪಿಯು ಮೇಷ್ಟ್ರು, ಮಂಗಳೂರು

ಪದದ್ದೇನೂ ತಪ್ಪಿಲ್ಲ ಮಾರಾಯ್ರೆ, ಮಕ್ಕಳ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಇದ್ದದ್ದೇ ತಪ್ಪು. ಅಲೆ, ಬೆಳಕು, ಎಸಿ ಎಂದು ಬಂದ ಕೂಡಲೇ RAD ಹಾಕಿ ಬಿಡಬೇಕು, ಮತ್ತೆ ಮುಟ್ಟಲೇಬಾರದು. ಪಿಯುಸಿಯ ಹಳೆಯ ಲೆಕ್ಕ ನೋಡಿ. ಪಥವ್ಯತ್ಯಾಸ λ ಇದ್ದಲ್ಲಿ ತೀವ್ರತೆ K, λ/3 ಇದ್ದಲ್ಲಿ ಎಷ್ಟು? φ/2 ಎಂದರೆ π/3, ಅಂದರೆ 1.0472. RADನಲ್ಲಿ ಒತ್ತಿದರೆ cos 0.5, ವರ್ಗ ಮಾಡಿದರೆ 0.25, ಉತ್ತರ K/4. ಅದನ್ನೇ ಡಿಗ್ರಿಯಲ್ಲಿ ಒತ್ತಿದರೆ 0.9997K ಬರ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಆಗಿರುವುದೂ ಇಷ್ಟೇ. ಕೈಪಿಡಿಯ ಮೊದಲ ಪುಟದಲ್ಲಿ “ಕ್ಯಾಲ್ಕುಲೇಟರ್ ಸದಾ RADನಲ್ಲಿ ಇರಲಿ” ಎಂದು ಒಂದು ಸಾಲು ಹಾಕಿ, ಮುಗಿಯಿತು.

ನಿವೃತ್ತ ಕನ್ನಡ ಪಂಡಿತರು, ಕುಂದಾಪುರ

ಡಿಗ್ರಿಗೆ ಕನ್ನಡ ಪದ ಕೇಳಿದ್ದೀರಿ ಎಂದು ತಿಳಿದು ಬರೆಯುತ್ತಿದ್ದೇನೆ. ‘ಅಂಶ’ ಅಥವಾ ‘ಭಾಗೆ’ ಬಳಸಬಹುದು, ಪಂಚಾಂಗದಲ್ಲಿ ಎರಡೂ ಉಂಟು. ಪ್ರಾವಸ್ಥೆ ಬಾಯಿಗೆ ಸಿಗುವ ಪದವಲ್ಲ. ಹಿಂದಿಯವರಂತೆ ‘ಕಲೆ’ ಎಂದು ಮಾಡಿಕೊಂಡರೆ ‘ಕಲಾಂತರ’ ಎಂಬ ಸಮಾಸವೂ ಚೆನ್ನಾಗಿ ಕೂಡುತ್ತದೆ.

ಲ್ಯಾಬ್ ಉಪನ್ಯಾಸಕ, ಸುರತ್ಕಲ್

ಪಂಡಿತರೇ, ಅದೇ ಪಂಚಾಂಗದಲ್ಲಿ ‘ಕಲೆ’ ಎಂದರೆ ಒಂದು ಭಾಗೆಯ 60ನೆಯ ಪಾಲು! φಗೆ ಆ ಹೆಸರಿಟ್ಟರೆ ಇರುವ ಎರಡು ಅಳತೆಗಳ ಜೊತೆಗೆ ಮೂರನೆಯದೂ ಬಂದು ಕೂತೀತು. ಇಲ್ಲಿ ಮಾತ್ರ ಅದು ಬೇಡ.

ಮೇಷ್ಟ್ರು ಹೇಳಿದ್ದು ಅವರ ಲೆಕ್ಕಕ್ಕೆ ಸರಿ, ಯಾಕೆಂದರೆ ಅದರಲ್ಲಿ θ ಇಲ್ಲ. ಮೇಡಂ ಅವರ ಲೆಕ್ಕದಲ್ಲಿ ಒಂದೇ ಸೂತ್ರದೊಳಗೆ ಎರಡು ಸಲ ತ್ರಿಕೋನಮಿತಿ ಬರ್ತದೆ. ಒಳಗಿನ sinಗೆ ಕೊಡುವ 0.20 ಡಿಗ್ರಿಯದ್ದು. ಹೊರಗಿನ cosಗೆ ಹೋಗುವ 1.687 ರೇಡಿಯನ್ನಿನದ್ದು, ಯಾಕೆಂದರೆ ಸೂತ್ರದಲ್ಲಿರುವ 2π ಅದನ್ನು ರೇಡಿಯನ್ ಮಾಡಿ ಇಟ್ಟಿದೆ. ಯಾವ ಮೋಡಿನಲ್ಲಿ ಕೂತರೂ ಎರಡರಲ್ಲಿ ಒಂದು ಕೆಡುತ್ತದೆ.

ಪೂರ್ತಿ ಡಿಗ್ರಿಯಲ್ಲಿ ಮಾಡಿದರೆ ಒಳಗಿನದು ಸರಿ. ಪಥವ್ಯತ್ಯಾಸ 0.537 ತರಂಗಾಂತರ ಬರ್ತದೆ. ಹೊರಗಿನ cos ಮಾತ್ರ 1.687 ಡಿಗ್ರಿ ಎಂದು ತಿಳಿದು 0.9996 ಕೊಡ್ತದೆ, ವರ್ಗ 0.9991. ವಿದ್ಯಾರ್ಥಿಗಳ ಉತ್ತರ ಇದೇ.

ಮೇಷ್ಟ್ರ ಮಾತಿನಂತೆ ಪೂರ್ತಿ RADನಲ್ಲಿ ಮಾಡಿದರೆ ಒಳಗಿನದು ಕೆಡುತ್ತದೆ. sin 0.2 ಈಗ 0.1987 ಆಗ್ತದೆ, ಪಥವ್ಯತ್ಯಾಸ 30.56 ತರಂಗಾಂತರಕ್ಕೆ ಹಾರ್ತದೆ, ಕೊನೆಯ ಉತ್ತರ 0.041. ಇದು ಹೆಚ್ಚು ಅಪಾಯದ್ದು. 0.013 ಬರಬೇಕಾದಲ್ಲಿ 0.041 ಬಂದರೆ “ಹೌದು, ಕತ್ತಲೆಯ ಹತ್ತಿರವೇ ಇದೆ” ಎಂದು ಯಾರೂ ತಿರುಗಿ ನೋಡುವುದಿಲ್ಲ. ಸರಿ ಉತ್ತರದ ಹತ್ತಿರ ಬಂದದ್ದು ಬರೀ ಆಕಸ್ಮಿಕ. 0.20ರ ಬದಲು ಬೇರೆ ಕೋನ ಕೊಟ್ಟಿದ್ದರೆ ಎಲ್ಲಿಗೋ ಹೋಗುತ್ತಿತ್ತು.

ಹಿಡಿಯುವುದು ಹೇಗೆ? ತ್ರಿಕೋನಮಿತಿ ಮುಟ್ಟುವ ಮೊದಲೇ ಪರದೆಯ ಮೇಲೆ ಅಳೆದು ನೋಡಬೇಕು. ಪರದೆ 1 ಮೀಟರ್ ದೂರ ಎಂದುಕೊಳ್ಳಿ. ಪಟ್ಟೆಯ ಅಗಲ λD/d, ಅಂದರೆ 6.5 ಮಿ.ಮೀ. 0.20° ಎಂದರೆ ನಡುವಿನಿಂದ ಸುಮಾರು 3.5 ಮಿ.ಮೀ. ಅರ್ಧ ಪಟ್ಟೆಗಿಂತ ತುಸು ಆಚೆ. ಅರ್ಧ ಪಟ್ಟೆಯಲ್ಲಿ ಮೊದಲ ಕತ್ತಲೆ, ಹಾಗಾಗಿ ಉತ್ತರ ಸೊನ್ನೆಯ ಹತ್ತಿರ ಇರಲೇಬೇಕು, 0.999 ಅಲ್ಲಿಗೇ ಬಿದ್ದುಹೋಯಿತು. ಇನ್ನು 0.041ನ್ನು ಹಿಡಿಯಲು ಕೊನೆಯ ಉತ್ತರ ನೋಡಿ ಪ್ರಯೋಜನ ಇಲ್ಲ, ನಡುವಿನ ಸಂಖ್ಯೆ ನೋಡಬೇಕು. ಅರ್ಧ ಪಟ್ಟೆ ದೂರದಲ್ಲಿ 30 ತರಂಗಾಂತರದ ವ್ಯತ್ಯಾಸ ಹೇಗೆ ಬಂತು? 30.56ನ್ನು 0.537ರಿಂದ ಭಾಗಿಸಿದರೆ 57ರ ಹತ್ತಿರ. ಒಂದು ರೇಡಿಯನ್ನಿಗೆ 57.3 ಡಿಗ್ರಿ. ಸಣ್ಣ ಕೋನದ ಲೆಕ್ಕ ಎಲ್ಲಿಯಾದರೂ 57 ಪಟ್ಟು ಹೆಚ್ಚು ಅಥವಾ ಕಮ್ಮಿ ಬಂದರೆ ಮೊದಲು ಮೋಡ್ ನೋಡಿ.

ಹೊರಗಿನ cosಗೆ ಬೇರೆಯೇ ಪರೀಕ್ಷೆ. ಅದೇ ಸೂತ್ರಕ್ಕೆ ಪಥವ್ಯತ್ಯಾಸ λ/2 ಹಾಕಿ, ಉತ್ತರ ಸೊನ್ನೆ ಬರಬೇಕು. ಹೆಚ್ಚಿನವರು ನಡುವಿನ ಬೆಳಕಿನ ಪಟ್ಟೆಯಲ್ಲಿ ಪರೀಕ್ಷೆ ಮಾಡಿ ಸರಿ ಎಂದು ಬಿಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಸೊನ್ನೆಯ cos ಯಾವ ಮೋಡಿನಲ್ಲೂ 1.

ನನ್ನ ಅಭ್ಯಾಸ ಬೇರೆ: 2π ಬದಲು 360 ಬರೆಯುವುದು. φ = 360 × 0.537 = 193.3°, ಅರ್ಧ ಮಾಡಿದರೆ 96.66°, ಅದರ cos −0.116, ವರ್ಗ 0.0135. θವೂ ಡಿಗ್ರಿ, φವೂ ಡಿಗ್ರಿ, ಮೋಡ್ ಬದಲಿಸುವ ಪ್ರಮೇಯವೇ ಇಲ್ಲ. ಸ್ಪ್ರೆಡ್‌ಶೀಟಿನಲ್ಲಿ ಮಾತ್ರ ಇದು ತಿರುಗುಮುರುಗು. ಅಲ್ಲಿ SIN, COS ಎರಡೂ ರೇಡಿಯನ್ನನ್ನೇ ಕೇಳುತ್ತವೆ, ಡಿಗ್ರಿಯಲ್ಲಿ ಓದಿದ θವನ್ನು ನಾವು ಬದಲಿಸಿ ಕೊಡಬೇಕು:

```
=COS(PI()*1E-4*SIN(RADIANS(0.2))/6.5E-7)^2
```

ಇದು 0.01347 ಕೊಡಬೇಕು.

ವೈರಿಂಗ್ ಕಂಟ್ರಾಕ್ಟರ್, ಮಂಗಳೂರು

ಬೆಳಕಿನ ವಿಷಯ ನನಗೆ ಅಷ್ಟು ಗೊತ್ತಿಲ್ಲ. ನಮ್ಮ ಲೈನಿನಲ್ಲಿ ಇದಕ್ಕಿಂತ ಜೋರಾದ ಕಲಬೆರಕೆ ಉಂಟು. ಪುಸ್ತಕದಲ್ಲೇ v = 325 sin(314t + 30°) ಎಂದು ಬರೆಯುತ್ತಾರೆ. ಒಂದೇ ಆವರಣದೊಳಗೆ 314t ರೇಡಿಯನ್, 30 ಡಿಗ್ರಿ. 5 ಮಿಲಿಸೆಕೆಂಡಿಗೆ 314t ಎಂದರೆ 1.57, ಅಂದರೆ 90°. 30 ಸೇರಿಸಿದರೆ 120°, ವೋಲ್ಟೇಜ್ 281. ಕಲಿಯುವ ಹುಡುಗರು 1.57ಕ್ಕೆ 30 ಕೂಡಿಸಿ 31.57 ಮಾಡಿ sin ಒತ್ತುತ್ತಾರೆ. DEGನಲ್ಲಿ 170 ವೋಲ್ಟ್, RADನಲ್ಲಿ 50. ಮೋಡ್ ಬದಲಿಸಿ ಎಷ್ಟು ಸಲ ಒತ್ತಿದರೂ ಸರಿ ಉತ್ತರ ಬರುವುದೇ ಇಲ್ಲ, ಕೂಡಿಸಿದ್ದೇ ತಪ್ಪು. ಆ ಪುಟ್ಟ ಸೊನ್ನೆ ಗುರುತು 30ರ ತಲೆಯ ಮೇಲೆ ಇದ್ದ ಹಾಗೆ 314t ಮುಂದೆಯೂ ಏನಾದರೂ ಇದ್ದಿದ್ದರೆ ಯಾರೂ ಕೂಡಿಸುತ್ತಿರಲಿಲ್ಲ. ಹಾಗಾಗಿ ಮೇಡಂ, ‘ರೇಡಿಯನ್’ ಸೇರಿಸಿ ಎಂದೇ ನನ್ನ ಮತ.

ಇನ್ನೊಂದು. ಕೆಲವು ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಗುಂಡಿಯ ಮೇಲೆ ಕಾಣುವುದು ಈಗಿನ ಮೋಡ್ ಅಲ್ಲ, ಒತ್ತಿದರೆ ಬರುವ ಮೋಡ್. ಅದನ್ನು ನೋಡಿ ನಂಬಬೇಡಿ, sin 30 ಒತ್ತಿ. 0.5 ಬಂದರೆ ಡಿಗ್ರಿ, −0.988 ಬಂದರೆ ರೇಡಿಯನ್, 0.454 ಬಂದರೆ ಯಾರೋ Gra ಮಾಡಿಟ್ಟಿದ್ದಾರೆ.

ಪಿಯು ಮೇಷ್ಟ್ರು, ಮಂಗಳೂರು

θ ಬಂದರೆ RAD ಕೈಕೊಡ್ತದೆ ಎಂಬುದು ಹೌದು, ಒಪ್ಪಿದೆ. ಆದರೆ 2π ತೆಗೆದು 360 ಬರೆಸುವುದಕ್ಕೆ ನನ್ನ ವಿರೋಧ ಉಂಟು. ಮುಂದೆ ಅದೇ ಮಕ್ಕಳು sin φ ಅನ್ನು ಅವಕಲನ ಮಾಡಿ cos φ ಬರೆಯುವಾಗ φ ಡಿಗ್ರಿಯಲ್ಲಿದ್ದರೆ π/180 ಎಂಬ ಗುಣಕ ಬೇಕಾಗ್ತದೆ, ಅದನ್ನು ಯಾರು ನೆನಪಿಡುತ್ತಾರೆ? ಸಣ್ಣ ಕೋನಕ್ಕೆ sin θ ≈ θ ಎನ್ನುವುದೂ ರೇಡಿಯನ್ನಿನಲ್ಲಿ ಮಾತ್ರ ನಿಜ. ಅದಕ್ಕಿಂತ, ಕ್ಯಾಸಿಯೋದ ES ಮಾದರಿಗಳಲ್ಲಿ ಸಂಖ್ಯೆಯ ಮುಂದೆ SHIFT, Ans ಒತ್ತಿದರೆ ಡಿಗ್ರಿ, ರೇಡಿಯನ್ ಆರಿಸುವ ಪಟ್ಟಿ ಬರ್ತದೆ. ಮೋಡ್ DEG ಇದ್ದರೂ 1.687ರ ತಲೆಗೆ ಸಣ್ಣ r ಅಂಟಿಸಿ cos ತೆಗೆಯಬಹುದು. ಅದನ್ನು ಕಲಿಸಿ.

ಲ್ಯಾಬ್ ಉಪನ್ಯಾಸಕ, ಸುರತ್ಕಲ್

ಸೂತ್ರ ಬಿಡಿಸುವಾಗ ರೇಡಿಯನ್ನೇ ಇರಲಿ ಮೇಷ್ಟ್ರೆ. ನಾನು ಹೇಳಿದ್ದು ಕೊನೆಯಲ್ಲಿ ಸಂಖ್ಯೆ ಹಾಕುವ ಸಾಲಿಗೆ ಮಾತ್ರ. r ಅಂಟಿಸುವುದು ಒಳ್ಳೆಯದೇ, ಆದರೆ ಎಲ್ಲರ ಕೈಯಲ್ಲಿ ಆ ಮಾದರಿ ಇರುವುದಿಲ್ಲ.

ಮೂಲದಲ್ಲಿ ಏಕಮಾನ ಬಿಟ್ಟದ್ದು ಅಜಾಗರೂಕತೆ ಅಲ್ಲ ಮೇಡಂ. ರೇಡಿಯನ್ ಎಂದರೆ ಉದ್ದವನ್ನು ಉದ್ದದಿಂದ ಭಾಗಿಸಿದ್ದು. 1995ರಿಂದ ಎಸ್‌ಐ ಪದ್ಧತಿಯಲ್ಲಿ ಅದನ್ನು ಆಯಾಮವಿಲ್ಲದ ಏಕಮಾನಗಳ ಸಾಲಿಗೇ ಸೇರಿಸಿದ್ದಾರೆ, ಬರೆಯದೆ ಬಿಡಲು ಅವಕಾಶ ಉಂಟು. ಆದರೆ ಅವಕಾಶ ಇದೆ ಎಂದು ಬಿಡಲೇಬೇಕೆಂದಿಲ್ಲ. ಸೇರಿಸಿದರೆ ಅರ್ಥ ಬದಲಾಗುವುದಿಲ್ಲ, ನೀವು ಧೈರ್ಯವಾಗಿ ಸೇರಿಸಬಹುದು.

ಕೈಪಿಡಿ ಅನುವಾದಕಿ, ಉಡುಪಿ

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಹೀಗೆ ತಿದ್ದಿದ್ದೇನೆ:

“ದಿಕ್ಕಿನ ಕೋನ θ = 0.20 ಡಿಗ್ರಿ. ಪಥವ್ಯತ್ಯಾಸ d sinθ = 0.537λ. ಪ್ರಾವಸ್ಥಾ ವ್ಯತ್ಯಾಸ φ = 3.374 ರೇಡಿಯನ್, ಅಂದರೆ 193.3 ಡಿಗ್ರಿ. cos²(φ/2) = 0.0135.”

φಯಿಂದ ‘ಕೋನ’ ತೆಗೆದೆ, θಗೆ ಮಾತ್ರ ಉಳಿಸಿದೆ. ನಡುವಿನ 0.537 ಮೂಲದಲ್ಲಿ ಇರಲಿಲ್ಲ, ಪಟ್ಟೆಯ ಅಗಲದೊಡನೆ ತಾಳೆ ನೋಡಲು ಬೇಕೆಂದು ಸೇರಿಸಿದೆ.

ನಿವೃತ್ತ ಕನ್ನಡ ಪಂಡಿತರು, ಕುಂದಾಪುರ

‘ಕಲೆ’ಯನ್ನು ಹಿಂತೆಗೆದುಕೊಂಡೆ. ಆದರೆ ‘ಪ್ರಾವಸ್ಥಾ ವ್ಯತ್ಯಾಸ’ ಎಂದು ಪ್ರತಿ ಸಾಲಿನಲ್ಲೂ ಓದಬೇಕಾದ ಮಕ್ಕಳ ಬಗ್ಗೆ ಕನಿಕರ ಇರಲಿ. ‘ಫೇಸ್ ವ್ಯತ್ಯಾಸ’ ಎಂದರೆ ಯಾರದ್ದಾದರೂ ಆಕ್ಷೇಪ ಉಂಟೆ?

ಪಿಯು ಮೇಷ್ಟ್ರು, ಮಂಗಳೂರು

ನನ್ನದು ಉಂಟು. ವೈರಿಂಗಿನವರಿಗೆ ಫೇಸ್ ಎಂದರೆ ಕರೆಂಟಿನ ತಂತಿ.